ಟ್ಯಾನರಿ ಗುಂಡಿಯಲ್ಲಿ ಪಂಪ್ ಕಟ್ಟಿಕೊಂಡಿದೆ, ಒಳಗೆ ಇಳಿಯಬಹುದಾ?

ಪೀಣ್ಯ ಮಂಜು
ಎಲ್ಲರಿಗೂ ನಮಸ್ಕಾರ. ನಾನು ಪಂಪ್ ರಿಪೇರಿ ಕೆಲಸ ಮಾಡುವವನು. ಬೋರ್‌ವೆಲ್, ಅಪಾರ್ಟ್‌ಮೆಂಟ್ ಸಂಪು, ಎಸ್‌ಟಿಪಿ, ಎಲ್ಲಾ ನೋಡಿದ್ದೇನೆ. ಚರ್ಮ ಹದ ಮಾಡುವ ಕಡೆ ಇದೇ ಮೊದಲು. ಬೆಂಗಳೂರಿನ ಹೊರಗಡೆ ಒಂದು ಸಣ್ಣ ಯೂನಿಟ್. ಡ್ರಮ್‌ಗಳಿಂದ ಬರುವ ನೀರೆಲ್ಲ ಒಂದೇ ಗುಂಡಿಗೆ ಬಂದು ಬೀಳುತ್ತೆ. ಅಳತೆ 3 ಮೀಟರ್ ಉದ್ದ, 3 ಮೀಟರ್ ಅಗಲ, ಎರಡೂವರೆ ಮೀಟರ್ ಆಳ. ನೀರು ಖಾಲಿ ಮಾಡಿದ್ದಾರೆ, ತಳದಲ್ಲಿ ಸುಮಾರು ಅರವತ್ತು ಸೆಂಟಿಮೀಟರ್ ಕಪ್ಪು ಸ್ಲಡ್ಜ್ ಉಳಿದಿದೆ. ಪಂಪಿನ ಫುಟ್‌ವಾಲ್ವ್ ಅದರೊಳಗೆ ಹೂತುಹೋಗಿದೆ.

ಹುಡುಗನನ್ನು ಇಳಿಸಿ ಹತ್ತು ನಿಮಿಷದಲ್ಲಿ ಬಿಡಿಸಿ ಅಂತಾರೆ ಮ್ಯಾನೇಜರ್. ಮೊದಲು ಮೊಟ್ಟೆ ಕೊಳೆತ ವಾಸನೆ ಜೋರಾಗಿತ್ತು, ಆಮೇಲೆ ನಾನು ಬಗ್ಗಿ ನೋಡುವಾಗ ಅಷ್ಟೇನೂ ಇರಲಿಲ್ಲ. ಇಳಿಯಬಹುದಾ? ಏನು ಮಾಸ್ಕ್ ತರಬೇಕು? ಸೋಮವಾರ ಕೆಲಸ.

ಕೆ.ಆರ್.ಪುರಂ ಗಿರಿ
ಹಳ್ಳಿ ಬಾವಿಗೆ ಇಳಿಯುವಾಗ ಮಾಡೋ ಹಾಗೇ ಮಾಡಿ ಗುರು. ಒಂದು ದೀಪ ಹಚ್ಚಿ ಹಗ್ಗ ಕಟ್ಟಿ ಇಳಿಸಿ. ಆರಿದರೆ ಗ್ಯಾಸ್ ಇದೆ, ಆರದಿದ್ದರೆ ಇಳಿಯಿರಿ. ನಮ್ಮ ತಾತ ಇಪ್ಪತ್ತು ಬಾವಿ ತೋಡಿದವರು, ಒಂದು ದಿನವೂ ಏನೂ ಆಗಲಿಲ್ಲ. ಒಂದೆರಡು ಮೂಟೆ ಸುಣ್ಣ ಸುರಿದರೆ ವಾಸನೆಯೂ ಸತ್ತುಹೋಗುತ್ತೆ.

ಹಳೇ ಹದಗಾರ
ಮಂಜು, ಇಳಿಸಬೇಡಿ. ಉಳಿದದ್ದು ಆಮೇಲೆ ಹೇಳ್ತೀನಿ, ಮೊದಲು ಇಷ್ಟನ್ನು ಓದಿಕೊಳ್ಳಿ.

ನಾನು ಟ್ಯಾನರಿಗಳಲ್ಲಿ ಇಪ್ಪತ್ತೇಳು ವರ್ಷ ಇದ್ದೆ. ಮೊದಲು ಸುಣ್ಣದ ಡ್ರಮ್ ಮೇಲೆ, ಕೊನೆಗೆ ನೀರು ಶುದ್ಧ ಮಾಡುವ ಪ್ಲಾಂಟಿನಲ್ಲಿ. ನೀವು ಬರೆದದ್ದರಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಸ್ಲಡ್ಜ್ ಅಲ್ಲ, "ಆಮೇಲೆ ವಾಸನೆ ಅಷ್ಟೇನೂ ಇರಲಿಲ್ಲ" ಅನ್ನುವ ಮಾತು. ಆ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್, ಹೈಡ್ರೋಜನ್ ಸಲ್ಫೈಡ್, ಸ್ವಲ್ಪ ಇದ್ದಾಗ ಮೂಗಿಗೆ ಚೆನ್ನಾಗಿ ಗೊತ್ತಾಗುತ್ತೆ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತ ಎಷ್ಟೋ ಕಡಿಮೆ ಇದ್ದರೂ ವಾಸನೆ ಹಿಡಿಯುತ್ತೆ. ನೂರು ಪಾಲು ದಾಟಿತು ಅಂದ್ರೆ ಸ್ವಲ್ಪ ಹೊತ್ತಿಗೇ ಮೂಗು ಸತ್ತುಹೋಗುತ್ತೆ. ಗ್ಯಾಸ್ ಹಾಗೇ ಇರುತ್ತೆ, ವಾಸನೆ ಮಾತ್ರ ಇರಲ್ಲ. ಏಳುನೂರು, ಸಾವಿರ ಮುಟ್ಟಿದರೆ ಒಂದೆರಡು ಉಸಿರಿಗೆ ಮನುಷ್ಯ ಕುಸಿದುಬೀಳ್ತಾನೆ. ಏಣಿ ಹತ್ತಿ ಬರೋದಿರಲಿ, ಕೂಗುವುದಕ್ಕೂ ಆಗಲ್ಲ.

ಗಿರಿಯವರೇ, ನಿಮ್ಮ ತಾತ ಮಾಡಿದ್ದು ಸರಿಯೇ, ಅವರ ಬಾವಿಗೆ. ಆಮ್ಲಜನಕ ಇಲ್ಲದ ಕಡೆ ದೀಪ ಆರುತ್ತೆ. ಈ ಗ್ಯಾಸ್ ಸಾವಿರ ಪಾಲು ಇದ್ದರೂ ಗಾಳಿಯ ಸಾವಿರದಲ್ಲಿ ಒಂದು ಪಾಲು ಅಷ್ಟೇ ಆಯಿತು. ದೀಪ ಚೆನ್ನಾಗೇ ಉರಿಯುತ್ತೆ, ಇಳಿದವನು ಬಿದ್ದಿರ್ತಾನೆ. ಅದೂ ಅಲ್ಲದೆ ಇದು ಉರಿಯುವ ಗ್ಯಾಸ್. ಒಂದು ಮೂಲೆಯಲ್ಲಿ ಜಾಸ್ತಿ ಕೂಡಿಕೊಂಡಿದ್ದರೆ ನಿಮ್ಮ ದೀಪವೇ ಬೆಂಕಿ ಕೊಡುತ್ತೆ.

ಕೆ.ಆರ್.ಪುರಂ ಗಿರಿ
ಸರಿ, ದೀಪ ಬೇಡ. ಸುಣ್ಣ?

ಹಳೇ ಹದಗಾರ
ಸುಣ್ಣದ ಮಾತಲ್ಲಿ ಅರ್ಧ ಸತ್ಯ ಇದೆ, ಅದನ್ನು ಬಿಡಿಸಿ ಹೇಳಲೇಬೇಕು. ಟ್ಯಾನರಿಯಲ್ಲಿ ಗ್ಯಾಸ್ ಎಲ್ಲಿಂದ ಬರುತ್ತೆ ಅನ್ನೋದು ಅದರಲ್ಲೇ ಇದೆ.

ತೊಗಲಿನ ಕೂದಲು ತೆಗೆಯೋಕೆ ಸುಣ್ಣದ ಜೊತೆ ಸೋಡಿಯಂ ಸಲ್ಫೈಡ್ ಹಾಕ್ತೀವಿ. ಹಳದಿ, ಕಂದು ಚೂರುಗಳು, ಮೂಟೆಯಲ್ಲಿ ಬರುತ್ತೆ. ಒಂದು ಟನ್ ತೊಗಲಿಗೆ ಇಪ್ಪತ್ತು, ಮೂವತ್ತು ಕಿಲೋ ಹಿಡಿಯುತ್ತೆ. ಆ ನೀರಿನ ಪಿಎಚ್ 12ರ ಮೇಲೆ. ಅಷ್ಟು ಕ್ಷಾರ ಇರುವಾಗ ಸಲ್ಫೈಡ್ ನೀರಲ್ಲೇ ಕರಗಿಕೊಂಡು ಸುಮ್ನೆ ಇರುತ್ತೆ, ಮೇಲೆ ಬರಲ್ಲ. ಪಿಎಚ್ 7ಕ್ಕೆ ಇಳಿದರೆ ಸುಮಾರು ಅರ್ಧ ಗ್ಯಾಸಿನ ರೂಪಕ್ಕೆ ತಿರುಗುತ್ತೆ. ಇನ್ನೂ ಇಳಿದರೆ ಹೆಚ್ಚುಕಮ್ಮಿ ಪೂರ್ತಿ.

ಈಗ ಅದೇ ಯೂನಿಟ್ಟಿನ ಇನ್ನೊಂದು ಡ್ರಮ್ಮಿನಲ್ಲಿ ಪಿಕ್ಲಿಂಗ್ ನಡೀತಿರುತ್ತೆ. ಉಪ್ಪು, ಸಲ್ಫ್ಯೂರಿಕ್ ಆಸಿಡ್, ಪಿಎಚ್ 3ರ ಆಸುಪಾಸು. ಅದಾದ ಮೇಲೆ ಹದ ಮಾಡುವ ಕ್ರೋಮ್, ಅದೂ ಹುಳಿ ನೀರೇ. ಸುಣ್ಣದ ನೀರು, ಹುಳಿ ನೀರು ಎರಡೂ ಒಂದೇ ಗುಂಡಿಗೆ ಬಂದರೆ ಏನಾಗುತ್ತೆ ಹೇಳಿ? ಗುಂಡಿಯೇ ಗ್ಯಾಸ್ ಮಾಡುವ ಪಾತ್ರೆ ಆಗುತ್ತೆ. ಮಂಜು, ನೀವು "ಎಲ್ಲ ಒಂದೇ ಗುಂಡಿಗೆ" ಅಂತ ಬರೆದದ್ದೇ ರೋಗ. ಪಂಪ್ ಕಟ್ಟಿಕೊಂಡದ್ದು ಅದರ ಒಂದು ಗುರುತು ಅಷ್ಟೇ.

ಸುಣ್ಣ ಸುರಿದರೆ ಹೊಸ ಗ್ಯಾಸ್ ಏಳೋದು ಕಡಿಮೆ ಆಗುತ್ತೆ, ನಿಜ. ಆದರೆ ಸ್ಲಡ್ಜಿನ ಮೇಲ್ಮೈಗೆ ಮಾತ್ರ ತಾಗುತ್ತೆ. ಒಳಗೆ ಗಾಳಿಯಿಲ್ಲದ ಕಡೆ ಬ್ಯಾಕ್ಟೀರಿಯಾಗಳು ಕ್ರೋಮ್ ನೀರು, ಪಿಕ್ಲ್ ನೀರಿನ ಸಲ್ಫೇಟನ್ನೇ ತಿಂದು ಮತ್ತೆ ಸಲ್ಫೈಡ್ ಮಾಡ್ತಾ ಇರುತ್ತವೆ. ಗುಳ್ಳೆ ಗುಳ್ಳೆಯಾಗಿ ಸ್ಲಡ್ಜ್ ಒಳಗೇ ಕೂತಿರುತ್ತೆ. ನಿಮ್ಮ ಹುಡುಗ ಕಾಲಿಟ್ಟು ಫುಟ್‌ವಾಲ್ವ್ ಎಳೆದ ತಕ್ಷಣ ಸೋಡಾ ಬಾಟಲಿ ಅಲುಗಿಸಿದ ಹಾಗೆ ಒಟ್ಟಿಗೆ ಹೊರಗೆ ಬರುತ್ತೆ. ಗಾಳಿಗಿಂತ ಭಾರ, ಅವನ ಮುಖದ ಸುತ್ತಲೇ ನಿಲ್ಲುತ್ತೆ.

ಶಾಲಿನಿ, ಕೆಮಿಸ್ಟ್ರಿ ಮೇಡಂ
ಹದಗಾರ ಸಾರ್ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸ್ತೀನಿ, ಮಂಜು ಅವರ ಗುಂಡಿಯ ಅಳತೆಯಲ್ಲೇ.

ಸ್ಲಡ್ಜ್ ಬಿಟ್ಟು ಮೇಲಿನ ಖಾಲಿ ಜಾಗ 3 × 3 × 1.9, ಅಂದ್ರೆ ಸುಮಾರು 17 ಘನ ಮೀಟರ್. ಅದರಲ್ಲಿ ಹತ್ತು ಲಕ್ಷಕ್ಕೆ 700 ಪಾಲು ತುಂಬೋಕೆ 12 ಲೀಟರ್ ಗ್ಯಾಸ್ ಸಾಕು. ತೂಕದಲ್ಲಿ 17 ಗ್ರಾಂ. ಆ 17 ಗ್ರಾಂ ಹುಟ್ಟೋಕೆ ಮೂಟೆಯ ಸಲ್ಫೈಡ್ ಚೂರು ಸುಮಾರು 65 ಗ್ರಾಂ, ಅದರಲ್ಲಿ ನೂರಕ್ಕೆ ಅರವತ್ತು ಸಲ್ಫೈಡ್ ಇರುತ್ತೆ ಅಂತ ಹಿಡಿದರೆ. ಒಂದು ಹಿಡಿ. ಡ್ರಮ್ಮಿಗೆ ಹಾಕಿದ್ದು ಇಪ್ಪತ್ತು ಕಿಲೋ. ಡ್ರಮ್ ತಳದಲ್ಲಿ ಉಳಿದ ನೀರು ಬಂದರೂ ಸಾಕು, ಗುಂಡಿ ತುಂಬುತ್ತೆ.

ಲೆಕ್ಕ ಮಾಡಿದ ಮೇಲೆ ನನಗೇ ಮತ್ತೊಂದು ಸಲ ಮಾಡಬೇಕು ಅನ್ನಿಸ್ತು. ಮಾಡಿದೆ, ಅಷ್ಟೇ ಬಂತು.

ಗೋವಿಂದಪುರದ ಅಬ್ದುಲ್
ಟ್ಯಾನರಿ ರೋಡ್ ಹೆಸರು ಎಲ್ಲರಿಗೂ ಗೊತ್ತು, ಆದರೆ ಅಲ್ಲಿ ಟ್ಯಾನರಿಗಳಿದ್ದ ಕಾಲ ಈಗಿನ ಹುಡುಗರಿಗೆ ಗೊತ್ತಿಲ್ಲ. ನಮ್ಮ ಅಬ್ಬಾ ಅಲ್ಲಿ ಸುಣ್ಣದ ಕಡೆ ಕೆಲಸ ಮಾಡಿದವರು. ಇಲ್ಲಿ ಗುಂಡಿಯ ಮಾತೇ ಆಗ್ತಿದೆ, ಕೈಯ ಮಾತು ಯಾರೂ ಎತ್ತಲಿಲ್ಲ.

ಅಬ್ಬಾ ಕೈಯ ಉಗುರು ಕಾಗದದ ಹಾಗೆ ತೆಳ್ಳಗಾಗಿತ್ತು. ಬೆರಳ ಸಂದಿ ಬಿರುಕು, ಮಳೆಗಾಲದಲ್ಲಿ ಜಾಸ್ತಿ. ರಾತ್ರಿ ಅಮ್ಮಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಆಮೇಲೆ ಕ್ರೋಮ್ ಕಡೆಗೆ ಹಾಕಿದರು, ಕೈ ನೀಲಿ ಹಸಿರು. ಆ ಬಣ್ಣ ಹೋಗಲಿ ಅಂತ ಬ್ಲೀಚಿಂಗ್ ಪೌಡರ್, ಸೀಮೆ ಎಣ್ಣೆ ಹಾಕಿ ಉಜ್ಜುತ್ತಿದ್ದರು. ಆಮೇಲೆ ಕೈಯೆಲ್ಲ ನೀರು ಗುಳ್ಳೆ. ಕ್ರೋಮಿಯಂನಿಂದ ಕ್ಯಾನ್ಸರ್ ಬರುತ್ತೆ ಅಂತ ಯಾರೋ ಹೇಳಿ ಅಮ್ಮಿ ಬಹಳ ಅತ್ತಿದ್ದರು. ಕ್ಯಾನ್ಸರ್ ಬರಲಿಲ್ಲ. ಆದರೆ ಆ ಕೈ ಕೊನೆವರೆಗೂ ಸರಿಹೋಗಲಿಲ್ಲ.

ಗಾರೆ ಸಿದ್ದು
ಅಣ್ಣ ನನಗೂ ಹಂಗೇ ಐತೆ. ಕೈ ಒಡೀತದೆ, ಕೆರೆತ. ನಾನು ಚರ್ಮ ಮುಟ್ಟೋದೇ ಇಲ್ಲ, ಸಿಮೆಂಟ್ ಕೆಲಸ. ಈಗ ಚಪ್ಪಲಿ ಹಾಕ್ಕೊಂಡ್ರೆ ಕಾಲಿಗೂ ಬಂದೈತೆ. ಯಾವ ಮುಲಾಮು ಹಚ್ಚಲಿ?

ಸುಮಾ, ಡಿಸ್ಪೆನ್ಸರಿ
ನಾನು ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಸ್ಟಾಫ್ ನರ್ಸ್. ಸಿದ್ದು ಅವರೇ, ನೀವು ಬೇರೆ ವಿಷಯ ಕೇಳಿದಿರಿ ಅಂತ ಕಾಣುತ್ತೆ, ಆದರೆ ಅದು ಇದಕ್ಕೇ ಬಂದು ಸೇರುತ್ತೆ. ಸಿಮೆಂಟಿನಲ್ಲಿ ಸ್ವಲ್ಪ ಕ್ರೋಮಿಯಂ ಇರುತ್ತೆ, ಅದೂ ಚರ್ಮದೊಳಗೆ ಸುಲಭವಾಗಿ ನುಗ್ಗುವ ಜಾತಿ. ಒಂದು ಸಲ ಅಲರ್ಜಿ ಹತ್ತಿಕೊಂಡರೆ ಕ್ರೋಮ್ ಹದದ ಚಪ್ಪಲಿ, ಬೆಲ್ಟು, ಚರ್ಮದ ಗ್ಲೌಸ್ ಹಾಕಿದರೂ ಕೆರಳುತ್ತೆ. ಹಾಗಂತ ನಿಮಗೆ ಅದೇ ಆಗಿದೆ ಅಂತ ಇಲ್ಲಿ ಕೂತು ಹೇಳೋಕೆ ಆಗಲ್ಲ. ಚರ್ಮರೋಗ ವಿಭಾಗದಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಪಟ್ಟಿ ಅಂಟಿಸ್ತಾರೆ, ಎರಡು ದಿನ ನೀರು ತಾಗಿಸಬಾರದು. ಅದನ್ನು ತೆಗೆದಾಗ ಒಂದು ಸಲ, ಮತ್ತೆರಡು ದಿನ ಬಿಟ್ಟು ಇನ್ನೊಂದು ಸಲ ನೋಡ್ತಾರೆ. ಮುಲಾಮು ಸುಮ್ನೆ ಅಂಗಡಿಯಿಂದ ತರಬೇಡಿ.

ಅಬ್ದುಲ್ ಭಾಯ್, ನಿಮ್ಮ ತಂದೆಯ ಉಗುರಿನ ಕಥೆ ಕೇಳಿದರೆ ಕಾರಣ ಸಲ್ಫೈಡ್ ಅನ್ನಿಸುತ್ತೆ. ಕೂದಲು ಯಾವುದರಿಂದ ಆಗಿದೆಯೋ ಉಗುರೂ ಅದರಿಂದಲೇ ಆಗಿರೋದು. ತೊಗಲಿನ ಕೂದಲು ಕರಗಿಸುವ ನೀರಿಗೆ ಇದು ದನದ್ದು, ಇದು ಮನುಷ್ಯನದು ಅಂತ ಭೇದ ಇಲ್ಲ.

ಹಳೇ ಹದಗಾರ
ಸುಮಾ ಅವರು ಹೇಳಿದ್ದು ನೂರಕ್ಕೆ ನೂರು. ಅಬ್ದುಲ್ ಅವರ ತಾಯಿ ಹೆದರಿದ್ದಕ್ಕೂ ಒಂದು ಮಾತು ಹೇಳಬೇಕು.

ಡ್ರಮ್ಮಿಗೆ ಹಾಕುವ ಹಸಿರು ಪುಡಿ ಮೂರನೇ ಜಾತಿಯ ಕ್ರೋಮಿಯಂ. ಕ್ಯಾನ್ಸರ್ ಜೊತೆ ಹೆಸರು ತಳುಕು ಹಾಕಿಕೊಂಡಿರೋದು ಆರನೇ ಜಾತಿ, ಕಿತ್ತಳೆ ಬಣ್ಣದ ಡೈಕ್ರೋಮೇಟ್. ಹಿಂದೆ ಕೆಲವು ಕಡೆ ಡೈಕ್ರೋಮೇಟ್ ತಂದು ಬೆಲ್ಲದ ಮಡ್ಡಿ, ಆಸಿಡ್ ಹಾಕಿ ಅಲ್ಲೇ ಹಸಿರು ಮಾಡಿಕೊಳ್ಳುತ್ತಿದ್ದರು. ಅಪಾಯ ಅಲ್ಲಿತ್ತು. ಈಗ ಸಿದ್ಧ ಪುಡಿ ಬರುತ್ತೆ. ಆದರೂ ಹಸಿರು ಪುಡಿ ಅಂತ ಸಲೀಸಾಗಿ ತಗೊಳ್ಳಬಾರದು. ಮೂಟೆ ಸುರಿಯುವಾಗ ಧೂಳು ಏಳುತ್ತೆ, ಹುಳಿ ನೀರಿನ ಜೊತೆ ಒಡೆದ ಕೈಗೆ ತಾಗಿದರೆ ಗಾಯ ಮಾಯಲ್ಲ. ಅಬ್ಬಾ ಬ್ಲೀಚಿಂಗ್ ಹಾಕಿ ಉಜ್ಜಿದ್ದು ಎಲ್ಲಕ್ಕಿಂತ ಕೆಟ್ಟದ್ದು. ಅದು ಚರ್ಮವನ್ನೂ ಸುಡುತ್ತೆ, ಕ್ರೋಮನ್ನು ಆರನೇ ಜಾತಿಯ ಕಡೆಗೂ ತಳ್ಳುತ್ತೆ.

ಕೈಗೆ ನಾವು ಕೊನೆಗೆ ಕಂಡುಕೊಂಡದ್ದು ಇಷ್ಟು. ಮೊಣಕೈವರೆಗಿನ ನೈಟ್ರೈಲ್ ಅಥವಾ ಪಿವಿಸಿ ಗ್ಲೌಸ್, ಒಳಗೆ ತೆಳು ಹತ್ತಿ ಗ್ಲೌಸ್. ತುದಿಯನ್ನು ಹೊರಗೆ ಮಡಚಿಕೊಳ್ಳಬೇಕು, ಕೈ ಮೇಲೆತ್ತಿದಾಗ ನೀರು ತೋಳಿಗೆ ಇಳಿಯಲ್ಲ. ಬೆಳಿಗ್ಗೆ ಗ್ಲೌಸ್ ಬಾಯಿ ತಿರುಚಿ ಗಾಳಿ ಹಿಡಿದು ಒತ್ತಿ ನೋಡಬೇಕು, ತೂತಿದ್ದರೆ ಬುಸ್ ಅನ್ನುತ್ತೆ. ತೂತಾದ ಗ್ಲೌಸ್ ಹಾಕೋದಕ್ಕಿಂತ ಬರಿಗೈಯೇ ವಾಸಿ ಅಂತ ಹುಡುಗರಿಗೆ ಹೇಳ್ತಿದ್ದೆ. ಪೂರ್ತಿ ಸರಿ ಅಲ್ಲ ಆ ಮಾತು, ಆದರೆ ಕಾರಣ ಇದೆ. ಒಳಗೆ ಸೇರಿದ ಸುಣ್ಣದ ನೀರು ಇಡೀ ಶಿಫ್ಟ್ ಕೈಯನ್ನು ನೆನೆಸಿಡುತ್ತೆ, ಬರಿಗೈ ಆದರೆ ತೊಳೆದುಕೊಳ್ಳುತ್ತಾರೆ.

ಸುಮಾ, ಡಿಸ್ಪೆನ್ಸರಿ
ಬೆವರಿಗೂ ಅದೇ ಸಾರ್. ಸುಣ್ಣದ ನೀರೇ ಬೇಕಿಲ್ಲ, ದಿನಕ್ಕೆ ಎರಡು ಗಂಟೆ ಮೀರಿ ಕೈ ಒದ್ದೆ ಇದ್ದರೆ ಚರ್ಮದ ಮೇಲ್ಪದರ ಸಡಿಲ ಆಗುತ್ತೆ. ಹತ್ತಿ ಗ್ಲೌಸ್ ಎರಡು ಮೂರು ಜೊತೆ ಇಟ್ಟುಕೊಂಡು ಒದ್ದೆಯಾದಾಗ ಬದಲಾಯಿಸಬೇಕು. ಅದರ ದುಡ್ಡು ಬಹಳ ಕಮ್ಮಿ, ಆದರೂ ಯಾವ ಮಾಲೀಕನೂ ಅದನ್ನೇ ಮೊದಲು ಕೊಡಲ್ಲ.

ಪೀಣ್ಯ ಮಂಜು
ಹುಡುಗನನ್ನು ಇಳಿಸಲ್ಲ ಅಂತ ಮ್ಯಾನೇಜರಿಗೆ ಹೇಳಿದೆ. "ಬ್ಲೋವರ್ ಹಾಕ್ತೀವಿ, ಚಾರ್ಕೋಲ್ ಮಾಸ್ಕ್ ಕೊಡ್ತೀವಿ, ಹೋದ ವರ್ಷ ಹೀಗೇ ಮಾಡಿದ್ದು" ಅಂದ್ರು. ಹೋದ ವರ್ಷ ಏನೂ ಆಗಿಲ್ಲ ಅನ್ನೋದಕ್ಕೆ ನಾನು ಏನು ಉತ್ತರ ಕೊಡಲಿ?

ಹಳೇ ಹದಗಾರ
ಇದಕ್ಕೆ ನನ್ನ ಕಣ್ಣೆದುರೇ ನಡೆದದ್ದು ಹೇಳ್ತೀನಿ. ಯೂನಿಟ್ ಹೆಸರು ಬೇಡ.

ಇಂಥದ್ದೇ ಗುಂಡಿ. ಬೆಳಿಗ್ಗೆ ಬ್ಲೋವರ್ ಹಾಕಿದ್ದರು, ಗ್ಯಾಸ್ ಮೀಟರ್ ಇಳಿಸಿ ನೋಡಿದ್ದರು, ಸೊನ್ನೆ. ಒಬ್ಬ ಇಳಿದು ಕಾಲು ಗಂಟೆ ಕೆಲಸ ಮಾಡಿದ. ಅಷ್ಟರಲ್ಲಿ ಮೇಲೆ ಡ್ರಮ್ ಆಪರೇಟರ್ ತನ್ನ ಟೈಮ್ ಆಯ್ತು ಅಂತ ಪಿಕ್ಲ್ ಡ್ರಮ್ಮಿನ ವಾಲ್ವ್ ತೆಗೆದ. ಅವನಿಗೆ ಕೆಳಗೆ ಜನ ಇದ್ದಾರೆ ಅಂತ ಗೊತ್ತೇ ಇಲ್ಲ. ಹುಳಿ ನೀರು ಚರಂಡಿಯಲ್ಲಿ ಬಂದು ಸ್ಲಡ್ಜ್ ಮೇಲೆ ಬಿತ್ತು. ಒಳಗಿದ್ದವನು ಕೂತ ಹಾಗೇ ಒರಗಿದ. ಅವನನ್ನು ಎತ್ತೋಕೆ ಅವನ ಭಾವಮೈದ ಹಾರಿದ. ಒಬ್ಬನನ್ನು ಉಳಿಸಿಕೊಂಡೆವು, ಹಾರಿದವನನ್ನು ಅಲ್ಲ.

ಬೆಳಿಗ್ಗೆಯ ಸೊನ್ನೆ ಬೆಳಿಗ್ಗೆಯದ್ದು. ಹೋದ ವರ್ಷದ ಮಾತೂ ಹಾಗೇ. ಹೋದ ವರ್ಷ ಯಾರೂ ವಾಲ್ವ್ ತೆಗೆದಿರಲಿಲ್ಲ, ಅಷ್ಟೇ.

ಇನ್ನು ಚಾರ್ಕೋಲ್ ಮಾಸ್ಕ್. ಅದು ಗಾಳಿ ಸೋಸುತ್ತೆ, ಗಾಳಿ ಕೊಡಲ್ಲ. ಗುಂಡಿಯಲ್ಲಿ ಆಮ್ಲಜನಕ ಕಮ್ಮಿ ಇದ್ದರೆ ಏನೂ ಉಪಯೋಗ ಇಲ್ಲ, ಗ್ಯಾಸ್ ಏಕಾಏಕಿ ಸಾವಿರಕ್ಕೆ ಏರಿದರೆ ಅದಕ್ಕೆ ತಡೆಯಲ್ಲ. ಇಳಿಯಲೇಬೇಕಾದರೆ ಬೆನ್ನ ಮೇಲೆ ಸಿಲಿಂಡರ್ ಇರುವ ಸೆಟ್ ಅಥವಾ ಹೊರಗಿನಿಂದ ಪೈಪಿನಲ್ಲಿ ಗಾಳಿ ಕೊಡುವ ಸೆಟ್. ಮೈಗೆ ಹಾರ್ನೆಸ್, ಮೇಲೆ ಮೂರು ಕಾಲಿನ ಸ್ಟ್ಯಾಂಡ್, ವಿಂಚ್, ಅದರ ಹತ್ತಿರ ಒಬ್ಬ ಆಸಾಮಿ. ಅವನು ಯಾವ ಕಾರಣಕ್ಕೂ ಇಳಿಯಕೂಡದು. ಇದು ನನ್ನ ಮಾತಲ್ಲ, 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್ನಿನಲ್ಲೇ ಹೀಗೆ ಇತ್ತು. ಒಳಗೆ ಗ್ಯಾಸ್ ಇಲ್ಲ ಅಂತ ಅರ್ಹನಾದವನು ಪರೀಕ್ಷೆ ಮಾಡಿ ಬರೆದುಕೊಟ್ಟಿರಬೇಕು. ಇಲ್ಲದಿದ್ದರೆ ಉಸಿರಾಟದ ಸಾಧನ, ಬೆಲ್ಟು, ಹಗ್ಗ, ಹಗ್ಗದ ತುದಿ ಹೊರಗಿನವನ ಕೈಯಲ್ಲಿ. ಮ್ಯಾನೇಜರ್ ಹತ್ತಿರ ಜಾಸ್ತಿ ವಾದ ಬೇಡ. "ಒಳಗೆ ಗ್ಯಾಸ್ ಇಲ್ಲ ಅಂತ ಸರ್ಟಿಫಿಕೇಟ್ ಬರೆದು ಸಹಿ ಹಾಕಿಸಿ ಕೊಡಿ" ಅನ್ನಿ.

ಶಾಲಿನಿ, ಕೆಮಿಸ್ಟ್ರಿ ಮೇಡಂ
ಇಳಿಯದೆಯೇ ಮಾಡೋಕೆ ಆಗಲ್ವಾ? ಪಂಪ್ ಮೆಕ್ಯಾನಿಕ್ ನೀವೇ ಅಲ್ವಾ ಮಂಜು.

ಹಳೇ ಹದಗಾರ
ಮೇಡಂ ನಾನು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಟ್ಟರು. ಸೋಮವಾರಕ್ಕೆ ಹೀಗೆ ಮಾಡಿ. ಗುಂಡಿಗೆ ಬರುವ ಎಲ್ಲ ಡ್ರಮ್ಮಿನ ವಾಲ್ವಿಗೂ ಚೈನ್ ಹಾಕಿ ಬೀಗ, ಬೀಗದ ಕೈ ನಿಮ್ಮ ಜೇಬಲ್ಲಿ. ಚರಂಡಿ ಬಾಯಿಗೆ ಮರಳು ಚೀಲ. ನಾಲ್ಕು ಗ್ಯಾಸ್ ಅಳೆಯುವ ಮೀಟರ್ ಬಾಡಿಗೆಗೆ ಸಿಗುತ್ತೆ, ಒಂದು ತನ್ನಿ. ಕೊಳವೆ ಇಳಿಬಿಟ್ಟು ಮೇಲೆ, ನಡುವೆ, ತಳ ಮೂರೂ ಕಡೆ ನೋಡಿ. ಕೊಳವೆಯಲ್ಲಿ ಗಾಳಿ ಬರೋಕೆ ಹೊತ್ತು ಹಿಡಿಯುತ್ತೆ, ಅವಸರ ಬೇಡ. ಕಾರ್ಖಾನೆ ಕಾಯ್ದೆ ಇಟ್ಟಿದ್ದ ಮಿತಿ ಎಂಟು ಗಂಟೆಗೆ 10 ಪಾಲು, ಸ್ವಲ್ಪ ಹೊತ್ತಿಗೆ 15. ಆಮೇಲೆ ಗಾಳಿ ಬೀಸುವ ಕಡೆಯಿಂದ ನಿಂತು ಉದ್ದ ಬಿದಿರಿನಿಂದ ಸ್ಲಡ್ಜ್ ಕೆದಕಿ, ಮತ್ತೆ ಮೀಟರ್ ನೋಡಿ. ನಿಮ್ಮ ಗುಂಡಿಯ ನಿಜವಾದ ಮುಖ ಅದೇ. ಅಷ್ಟಾದ ಮೇಲೆ ಪೈಪಿಗೆ ಕುಣಿಕೆ ಹಾಕಿ ಚೈನ್ ಬ್ಲಾಕಿನಲ್ಲಿ ಎತ್ತಿ. ಸ್ಲಡ್ಜ್ ತೆಗೆಯೋಕೆ ಸಕ್ಷನ್ ಲಾರಿ.

ಕೆ.ಆರ್.ಪುರಂ ಗಿರಿ
ಸಕ್ಷನ್ ಲಾರಿಯವರು ಎಲ್ಲಿಗೋ ಹೋಗಿ ಕೆರೆಗೆ ಬಿಟ್ಟು ಬರ್ತಾರೆ, ಅದು ಸರಿನಾ?

ಹಳೇ ಹದಗಾರ
ಸರಿಯಲ್ಲ. ಇದು ಕ್ರೋಮ್ ಇರುವ ಸ್ಲಡ್ಜ್, ಅಪಾಯಕಾರಿ ತ್ಯಾಜ್ಯದ 2016ರ ನಿಯಮದ ಕೆಳಗೆ ಬರುತ್ತೆ. ಒಣಗಿಸಿ, ಪರವಾನಗಿ ಇರುವ ಜಾಗಕ್ಕೇ ಕಳಿಸಬೇಕು, ದಾಖಲೆ ಸಮೇತ. ಅಪಾರ್ಟ್‌ಮೆಂಟ್ ಸೆಪ್ಟಿಕ್ ಟ್ಯಾಂಕಿನ ಲಾರಿಗೆ ತುಂಬಬಾರದು. ಆ ಟ್ಯಾಂಕಿನಲ್ಲಿ ಏನಿತ್ತೋ, ಇದರ ಜೊತೆ ಸೇರಿ ಏನಾಗುತ್ತೋ.

ಗೋವಿಂದಪುರದ ಅಬ್ದುಲ್
ಇಷ್ಟೆಲ್ಲ ಮಾಡೋ ಸಣ್ಣ ಯೂನಿಟ್ ಎಲ್ಲಿದೆ ಸಾಬ್? ಲಾರಿ, ಮೀಟರ್, ದಾಖಲೆ ಅಂದ್ರೆ ಬಾಗಿಲು ಹಾಕ್ತಾರೆ. ಅಬ್ಬಾ ಕೆಲಸ ಹೋದದ್ದೂ ಹಾಗೇ. ಕೈ ಹೋದರೂ ಮನೆ ನಡೀತಿತ್ತು.

ಹಳೇ ಹದಗಾರ
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಬ್ದುಲ್. ಒಂದು ಮಾತ್ರ ಹೇಳಬಲ್ಲೆ, ಚರಂಡಿ ಎರಡು ಮಾಡೋದು ಅಂಥ ದುಬಾರಿ ಅಲ್ಲ. ಸುಣ್ಣದ ನೀರಿಗೆ ಬೇರೆ ತೊಟ್ಟಿ, ಅದರಲ್ಲಿ ಸ್ವಲ್ಪ ಮ್ಯಾಂಗನೀಸ್ ಸಲ್ಫೇಟ್ ಹಾಕಿ ಕೆಳಗಿನಿಂದ ಗಾಳಿ ಕೊಟ್ಟರೆ ಸಲ್ಫೈಡ್ ಅಲ್ಲೇ ಸಾಯುತ್ತೆ. ಲೆಡ್ ಅಸಿಟೇಟ್ ಕಾಗದಕ್ಕೆ ಒಂದು ಹನಿ ಬಿಟ್ಟು ನೋಡಿ, ಕಪ್ಪಾಗೋದು ನಿಂತ ಮೇಲೆ ಹುಳಿ ನೀರಿನ ಜೊತೆ ಸೇರಿಸಿ. ಕ್ರೋಮ್ ನೀರು ಬೇರೆ ಬಂದರೆ ಮೆಗ್ನೀಷಿಯಂ ಆಕ್ಸೈಡ್ ಹಾಕಿ ಕ್ರೋಮ್ ಇಳಿಸಿಕೊಂಡು, ಆಸಿಡ್‌ನಲ್ಲಿ ಕರಗಿಸಿ ಮತ್ತೆ ಬಳಸಬಹುದು. ಆ ಪುಡಿಗೂ ದುಡ್ಡು ಕೊಟ್ಟೇ ತಂದಿರೋದು ಅಲ್ವಾ.

ಪೀಣ್ಯ ಮಂಜು
ಸೋಮವಾರದ ಸುದ್ದಿ. ಯಾರೂ ಇಳಿಯಲಿಲ್ಲ.

ಮೀಟರ್ ಬಾಯಿಯಲ್ಲಿ 3 ತೋರಿಸ್ತು, ನಡುವೆ 11, ಸ್ಲಡ್ಜ್ ಹತ್ತಿರ 38. ಮ್ಯಾನೇಜರ್ "ಇಷ್ಟೇನಾ" ಅಂದ್ರು. ಬಿದಿರು ಹಾಕಿ ಎರಡು ಸಲ ಕೆದಕಿದೆ. ಮೀಟರ್ ಕೂಗೋಕೆ ಶುರು, 100 ದಾಟಿ ಓವರ್ ಅಂತ ತೋರಿಸ್ತು. ಅವರೇ ನಾಲ್ಕು ಹೆಜ್ಜೆ ಹಿಂದೆ ಹೋದ್ರು. ಆಮೇಲೆ ಸರ್ಟಿಫಿಕೇಟ್ ಮಾತು ಎತ್ತುವ ಅಗತ್ಯವೇ ಬೀಳಲಿಲ್ಲ.

ಪೈಪ್ ಎತ್ತಿದಾಗ ಫುಟ್‌ವಾಲ್ವಿನಲ್ಲಿ ಕೂದಲು, ಕೊಬ್ಬಿನ ಚೂರು, ಒಂದು ಗೋಣಿ ತುಂಡು. ಹಳೆ ಪಂಪ್ ಮತ್ತೆ ಹಾಕಲ್ಲ. ಎರಡು ರೈಲಿನ ಮೇಲೆ ಜಾರಿ ಇಳಿಯುವ ಸಬ್‌ಮರ್ಸಿಬಲ್ ಹಾಕಿ, ಚೈನಿನಲ್ಲಿ ಮೇಲಿಂದಲೇ ಎತ್ತುವ ಹಾಗೆ ಮಾಡ್ತೀನಿ. ಚರಂಡಿಯಲ್ಲಿ ಕಂಬಿ ಜಾಲರಿ, ಹುಡುಗರು ನಿಂತುಕೊಂಡೇ ಕೊಕ್ಕೆಯಲ್ಲಿ ಎಳೆದು ತೆಗೆಯಬಹುದು. ಎರಡನೇ ಚರಂಡಿಗೆ ಮಾಲೀಕರು "ನೋಡೋಣ" ಅಂದಿದ್ದಾರೆ.

ಒಂದೇ ಕಗ್ಗಂಟು. ಸ್ಲಡ್ಜ್ ತೆಗೆಯೋಕೆ ಇನ್ನೂ ಎರಡು ದಿನ ಬೇಕು, ರಾತ್ರಿ ಶಿಫ್ಟ್ ನಿಲ್ಲಿಸಲ್ಲ ಅಂತಾರೆ. ರಾತ್ರಿ ಡ್ರಮ್ ಖಾಲಿ ಮಾಡಬೇಕಾದರೆ ಬೀಗದ ಕೈ ಬೇಕು, ನಾನು ಆಗ ಪೀಣ್ಯದಲ್ಲಿ ಮನೆಯಲ್ಲಿರ್ತೀನಿ. ಕೈ ಯಾರ ಹತ್ತಿರ ಕೊಡಲಿ?

ಹಳೇ ಹದಗಾರ
ಯಾರ ಹತ್ತಿರವೂ ಬೇಡ. ಗುಂಡಿ ಹತ್ತಿರ ಜನ ಇರುವ ಹೊತ್ತಿಗೆ ಮಾತ್ರ ಬೀಗ ಹಾಕಿ, ಕೆಲಸ ನಿಲ್ಲಿಸಿ ಗುಂಡಿ ಮುಚ್ಚಿ, ಜನರನ್ನು ಎಣಿಸಿ, ನೀವೇ ಬೀಗ ತೆಗೆದು ಮನೆಗೆ ಹೋಗಿ. ಬೆಳಿಗ್ಗೆ ಬಂದು ಮತ್ತೆ ಬೀಗ, ಮತ್ತೆ ಮೀಟರ್, ಮೊದಲಿನಿಂದ.

ಗೋವಿಂದಪುರದ ಅಬ್ದುಲ್
ಮತ್ತೆ ಆ ರಾತ್ರಿ ಶಿಫ್ಟಿನ ಹುಡುಗರಿಗೆ ಗುಂಡಿಯ ವಿಷಯ ಯಾರು ಹೇಳ್ತಾರೆ? ಅವರಲ್ಲಿ ಕನ್ನಡ ಬರೋರು ಎಷ್ಟು ಜನ?

ಪೀಣ್ಯ ಮಂಜು
ನಾಲ್ವರು ಬಿಹಾರದವರು, ಇಬ್ಬರು ವಾಣಿಯಂಬಾಡಿ ಕಡೆಯವರು. ನನಗೆ ಹಿಂದಿ ಅಷ್ಟಕ್ಕಷ್ಟೇ. ಅಬ್ದುಲ್ ಭಾಯ್, ನಾಳೆ ಸಂಜೆ ಏಳಕ್ಕೆ ಒಂದು ಸಲ ಬರ್ತೀರಾ?